ಮುಟ್ಟು ನಿಂತ ಮೇಲಿನ ವಾರ ಹೇಗಿರುತ್ತೀರಿ?

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಮೂವತ್ತು ದಾಟಿದ ಆ ಮಹಿಳೆ ಒಂದೇ ವರ್ಷದಲ್ಲಿ ಮೂರು ಸಲ ರಾಜೀನಾಮೆ ಬರೆದು, ಮೂರು ಸಲವೂ ಹಿಂಪಡೆದಿದ್ದರು. ಜೊತೆಗೆ ಬಂದಿದ್ದ ಪತಿ, “ಮುಟ್ಟಿನ ಮುಂಚೆ ಸಿಡುಕು ಎಲ್ಲರಿಗೂ ಇರುತ್ತದಲ್ಲವೇ, ಮೇಡಂ?” ಎಂದರು.

ಇರುತ್ತದೆ, ನಿಜ. ಸ್ತನಗಳ ನೋವು, ಹೊಟ್ಟೆಯುಬ್ಬರ, ಸ್ವಲ್ಪ ಕಿರಿಕಿರಿ ಇದ್ದೂ ದಿನಚರಿ ಸಾಗುವುದಾದರೆ ಅದು ಪಿಎಂಎಸ್. ನಿಯಮಿತ ವ್ಯಾಯಾಮ, ನಿದ್ದೆ ಮತ್ತು ನೋವಿಗೆ ತಕ್ಕ ಔಷಧಿಯಿಂದ ಬಹುಮಟ್ಟಿಗೆ ನಿಭಾಯಿಸಬಹುದು. ಮುಟ್ಟಿನ ಮುಂಚೆ ಮನಸ್ಸನ್ನು ತೀವ್ರವಾಗಿ ಕೆಡಿಸುವ ಕಾಯಿಲೆಯಾದ ಪಿಎಂಡಿಡಿ ಎನ್ನಲು ಕನಿಷ್ಠ 5 ಲಕ್ಷಣಗಳಿರಬೇಕು. ಅವುಗಳಲ್ಲಿ ಒಂದಾದರೂ ಮನಸ್ಸಿಗೆ ಸಂಬಂಧಿಸಿದ್ದಾಗಿರಬೇಕು, ಅಂದರೆ ತೀವ್ರ ಸಿಟ್ಟು, ಖಿನ್ನತೆ, ಆತಂಕ ಅಥವಾ ಗಳಿಗೆಗೊಮ್ಮೆ ಬದಲಾಗುವ ಭಾವ. ಅದು ಕೆಲಸವನ್ನೋ ಸಂಬಂಧವನ್ನೋ ಕೆಡಿಸುವಷ್ಟು ಬಲವಾಗಿರಬೇಕು.

ಆದರೂ ಮೊದಲ ದಿನ ನಾನು ಯಾವ ಹೆಸರನ್ನೂ ಹೇಳಲಿಲ್ಲ. ಪ್ರತಿ ರಾತ್ರಿ ಸಿಟ್ಟು, ದುಃಖ, ಆತಂಕ, ನಿದ್ದೆ ಇವುಗಳಿಗೆ 1ರಿಂದ 6ರವರೆಗೆ ಅಂಕ ಕೊಟ್ಟು 2 ಋತುಚಕ್ರಗಳ ದಾಖಲೆ ತರಲು ಹೇಳಿದೆ. ಕಷ್ಟದಲ್ಲಿರುವವರನ್ನು ಎರಡು ತಿಂಗಳು ಕಾಯಿಸಿದ್ದೇಕೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿದ್ದೆ. ಬರುತ್ತದೆ ಎಂದಿದ್ದರೆ ಒಂದು ದಿನವೂ ಕಾಯಿಸುತ್ತಿರಲಿಲ್ಲ. ಉಳಿದಂತೆ ಈ ದಾಖಲೆಗೆ ಬದಲಿಯಿಲ್ಲ. ಪಿಎಂಡಿಡಿ ಇರುವವರ ಹಾರ್ಮೋನ್ ಮಟ್ಟ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಅದರ ಏರಿಳಿತಕ್ಕೆ ಮಿದುಳು ಅತಿಯಾಗಿ ಸ್ಪಂದಿಸುತ್ತದೆ. ಹಾಗಾಗಿ ರಕ್ತಪರೀಕ್ಷೆ ಇದನ್ನು ತೋರಿಸದು. ನೆನಪಂತೂ ಕೆಟ್ಟ ದಿನಗಳನ್ನಷ್ಟೇ ಎಣಿಸುತ್ತದೆ.

ಆಕೆ ದಾಖಲೆ ತಂದ ದಿನ ನಾನು ಮೊದಲು ನೋಡಿದ್ದು ಮುಟ್ಟು ನಿಂತ ನಂತರದ ವಾರವನ್ನು. ಆ ವಾರದಲ್ಲೂ ದುಃಖಕ್ಕೆ 4, 5 ಇದ್ದಿದ್ದರೆ ಅದು ತಿಂಗಳಿಡೀ ಇರುವ ಖಿನ್ನತೆ ಮುಟ್ಟಿನ ಮುಂಚೆ ಉಲ್ಬಣಿಸುತ್ತಿದೆ ಎಂದರ್ಥ. ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತಿತ್ತು. ಅಲ್ಲಿ ಎರಡೂ ತಿಂಗಳು ಬರೀ 1, 2. ಮುಟ್ಟಿಗೆ ಎಂಟು ದಿನ ಮೊದಲು 5, 6ಕ್ಕೆ ಏರಿ, ಮುಟ್ಟಾದ ಎರಡನೆಯ ದಿನ ಅಂಕಗಳು ಇಳಿದಿದ್ದವು. ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಿದ್ದ ಆಕೆ, “ಎಂಟು ದಿನ ಜಗಳವಾಡುತ್ತೇನೆ, ಉಳಿದ ದಿನವೆಲ್ಲ ಅದಕ್ಕೆ ಕ್ಷಮೆ ಕೇಳುತ್ತೇನೆ. ನನ್ನದೆನ್ನುವ ದಿನ ಯಾವುದು?” ಎಂದರು.

ಔಷಧಿ ಬರೆಯುವ ಅಧಿಕಾರ ನನಗಿಲ್ಲ. ದಾಖಲೆಯ ಸಮೇತ ಮನೋವೈದ್ಯರಲ್ಲಿಗೆ ಕಳುಹಿಸಿದೆ. ಸೆರೊಟೊನಿನ್ ಮೇಲೆ ಕೆಲಸ ಮಾಡುವ ಖಿನ್ನತೆಯ ಮಾತ್ರೆಗಳನ್ನು ಇಲ್ಲಿ ಅಂಡೋತ್ಪತ್ತಿಯಿಂದ ಮುಟ್ಟಿನವರೆಗೆ ಮಾತ್ರ ಕೊಡುವುದೂ ಉಂಟು. ಖಿನ್ನತೆಯಲ್ಲಿ ವಾರಗಟ್ಟಲೆ ಹಿಡಿಯುವ ಪರಿಣಾಮ ಇಲ್ಲಿ ಕೆಲವೇ ದಿನಗಳಲ್ಲಿ ಕಾಣಬಹುದು. ಅವರಿಗೂ ಹಾಗೆಯೇ ಕೊಟ್ಟರು. ನನ್ನ ಸಲಹೆ ಎರಡೇ ಆಗಿತ್ತು: ರಾಜೀನಾಮೆಯಂಥ ನಿರ್ಧಾರವನ್ನು ಮುಟ್ಟಿನ ನಾಲ್ಕನೆಯ ದಿನಕ್ಕೆ ಮುಂದೂಡುವುದು, ಮತ್ತು ಆ ಎಂಟು ದಿನಗಳ ದೂರುಗಳಲ್ಲಿ ನಿಜವಾದದ್ದನ್ನು ಒಳ್ಳೆಯ ವಾರದಲ್ಲಿ ಪತಿಯೊಡನೆ ಮಾತನಾಡುವುದು. ಸಿಟ್ಟು ಅತಿಯಾದ ಮಾತ್ರಕ್ಕೆ ಅದರ ಕಾರಣ ಸುಳ್ಳಾಗುವುದಿಲ್ಲ ಎಂದು ಪತಿಗೂ ಹೇಳಬೇಕಾಯಿತು.

ಮೂರನೆಯ ದಾಖಲೆಯಲ್ಲಿ ಸಿಟ್ಟು 3ನ್ನು ದಾಟಿರಲಿಲ್ಲ. ಹೊಟ್ಟೆಯುಬ್ಬರ ಮಾತ್ರ ಹಾಗೆಯೇ ಇತ್ತು.