ತಿಂಗಳ ಮೇಲ್‌ನಲ್ಲಿ ತಂಡದ ಸಾಧನೆ ಬರೆಯೋದು

"ಆಫೀಸಿನ ನ್ಯೂಸ್‌ಲೆಟರ್‌ನಲ್ಲಿ ತಂಡದ ಕೆಲಸ ಬರೆದರೆ ಜಂಬ ಕೊಚ್ಚಿಕೊಂಡ ಹಾಗೆ ಕಾಣುತ್ತೆ. ಹೇಗೆ ಸರಿ ಮಾಡೋದು?"

ಬಹುಶಃ ಕೆಲಸ ಹೇಳಬೇಕಾದ ಕಡೆ 'ಅದ್ಭುತ', 'ಅಮೋಘ' ಬಂದು ಕೂತಿರುತ್ತವೆ. ಮೊದಲು ಅವನ್ನೆಲ್ಲ ಅಳಿಸಿ. ಆಮೇಲೆ ಯಾರು ಏನು ಮಾಡಿದರು, ಅದರಿಂದ ಯಾರ ಕೆಲಸ ಹಗುರಾಯಿತು ಅಂತ ಬರೆಯಿರಿ. 'ಬಿಲ್ಲಿಂಗ್ ತಂಡದ ಅಮೋಘ ಸಾಧನೆ' ಬದಲು ಹೀಗೆ:

'ತಿಂಗಳ ಕೊನೆಯ ಲೆಕ್ಕ ತಾಳೆ ನೋಡಲು 3 ದಿನ ಹಿಡಿಯುತ್ತಿತ್ತು. ಬಿಲ್ಲಿಂಗ್‌ನ ಇಬ್ಬರು ಶೀಟ್ ಹೊಸದಾಗಿ ಮಾಡಿದರು, ಈಗ ಒಂದೇ ದಿನ ಸಾಕು. ಹಳೇ ಬಾಕಿ ಮಾತ್ರ ಇನ್ನೂ ಒಂದೊಂದಾಗಿ ನೋಡಬೇಕು.'

ಆ ಕೊನೆ ವಾಕ್ಯ ಬಿಡಬೇಡಿ, ಓದುವವರಿಗೆ ನಂಬಿಕೆ ಬರೋದೇ ಅಲ್ಲಿ. ಕೈಜೋಡಿಸಿದ ಬೇರೆ ತಂಡದವರ ಹೆಸರೂ ಇರಲಿ. ಕಳಿಸುವ ಮುಂಚೆ ಕೆಲಸ ಮಾಡಿದವರಿಗೇ ತೋರಿಸಿ. ಕೆಲವರಿಗೆ ಹೆಸರು ಬರೋದು ಇಷ್ಟ ಇರಲ್ಲ.