‘ಎಲ್ಲ ಡಿಎನ್‌ಎಗೂ’ ಅನ್ನುವ ಮುನ್ನ

“ಒಂದು ಡಿಎನ್‌ಎಯಲ್ಲಿ ಅಡೆನಿನ್ ಶೇ 30 ಇದ್ದರೆ ಥೈಮಿನ್ ಕೂಡ 30. ಉಳಿದ 40ರಲ್ಲಿ ಗ್ವಾನಿನ್ 20, ಸೈಟೋಸಿನ್ 20. ಈ ನಿಯಮ ಎಲ್ಲ ಡಿಎನ್‌ಎಗೂ ಅನ್ವಯಿಸುತ್ತದೆ. ಜಿ-ಸಿ ನಡುವೆ ಮೂರು ಹೈಡ್ರೋಜನ್ ಬಂಧ, ಎ-ಟಿ ನಡುವೆ ಎರಡೇ. ಅದಕ್ಕೇ ಜಿ-ಸಿ ಜಾಸ್ತಿಯಾದರೆ ಕರಗುವ ತಾಪ ಏರುತ್ತದೆ. ಈ ಡಿಎನ್‌ಎ 85.7 ಡಿಗ್ರಿಗೆ ಕರಗುತ್ತದೆ. ಪಿಯು ವಿದ್ಯಾರ್ಥಿಗಳಿಗಾಗಿ ಬರೆದಿದ್ದೇನೆ, ಪ್ರಕಟಿಸುವಿರಾ?”

ನಮಸ್ಕಾರ. ನಿಮ್ಮ ಭಾಷೆ ಚೊಕ್ಕವಾಗಿದೆ, ಲೆಕ್ಕದಲ್ಲೂ ತಪ್ಪಿಲ್ಲ. ಆದರೆ ಎರಡು ಸಾಲು ನನ್ನನ್ನು ಬಹಳ ಕಾಡಿದವು. ಅವು ಸರಿಯಾಗದೆ ಇದನ್ನು ಅಚ್ಚಿಗೆ ಕಳಿಸಲಾರೆ.

ಮೊದಲನೆಯದು ಮೂರನೇ ವಾಕ್ಯ. ಅದರಲ್ಲಿ ‘ಎಲ್ಲ’ ಅನ್ನುವ ಪದ ಯಾಕೆ ಬಂತು? ಎರ್ವಿನ್ ಚಾರ್ಗಾಫ್ ಕಂಡ ಸಮಾನತೆ ಎರಡೆಳೆಯ ಡಿಎನ್‌ಎಯದು. ಒಂದು ಎಳೆಯ ಪ್ರತಿ ಅಡೆನಿನ್‌ಗೂ ಎದುರಿನ ಎಳೆಯಲ್ಲಿ ಒಂದು ಥೈಮಿನ್ ಇರುವುದರಿಂದ ಒಟ್ಟು ಲೆಕ್ಕ ಸಮ ಆಗುತ್ತದೆ. ಜೋಡಿಯೇ ಇಲ್ಲದಿದ್ದರೆ ಸಮ ಆಗಬೇಕಾದ ಕಾರಣವೂ ಇಲ್ಲ. ಬ್ಯಾಕ್ಟೀರಿಯಾಕ್ಕೆ ತಗುಲುವ ಫೈ ಎಕ್ಸ್ 174 ಅನ್ನುವ ವೈರಸ್ ನೋಡಿ. 1959ರಲ್ಲಿ ರಾಬರ್ಟ್ ಸಿನ್‌ಶೈಮರ್ ಅದರ ಡಿಎನ್‌ಎ ಒಂಟಿ ಎಳೆಯದು ಎಂದು ತೋರಿಸಿದರು. ಅಲ್ಲಿ ಅಡೆನಿನ್ ಶೇ 24.6, ಥೈಮಿನ್ 32.8, ಗ್ವಾನಿನ್ 24.1, ಸೈಟೋಸಿನ್ 18.5. ನಿಮ್ಮ ವಿದ್ಯಾರ್ಥಿಗೆ ಅಡೆನಿನ್ 24.6 ಎಂದಷ್ಟೇ ಕೊಟ್ಟರೆ ಅವನು ಥೈಮಿನ್ ಕೂಡ 24.6 ಅಂತ ಹಾಕುತ್ತಾನೆ. ಆಗ ಅವನ ಉತ್ತರದಲ್ಲಿ ಜಿ-ಸಿ ಒಟ್ಟು 50.8. ನಿಜವಾಗಿ ಇರುವುದು 42.6. ಲೆಕ್ಕ ಮಾಡಿದ್ದು ಸರಿ, ಉತ್ತರ ಮಾತ್ರ ತಪ್ಪು.

ಎರಡೆಳೆಯಿದ್ದಾಗಲೂ ಎಳೆಗಳನ್ನು ಬಿಡಿಬಿಡಿಯಾಗಿ ನೋಡಿದರೆ ಸಮಾನತೆ ಇರಲೇಬೇಕೆಂದಿಲ್ಲ. ಹತ್ತು ಬೇಸ್‌ಗಳ ಒಂದು ಎಳೆಯಲ್ಲಿ ಎ 4, ಟಿ 1, ಜಿ 3, ಸಿ 2 ಇರಲಿ. ಎದುರಿನ ಎಳೆಯಲ್ಲಿ ಎ 1, ಟಿ 4, ಜಿ 2, ಸಿ 3 ಬರುತ್ತವೆ. ಕೂಡಿಸಿದ ಮೇಲೆಯೇ ನಾಲ್ಕೂ ಐದೈದು. ಆದರೆ ಜಿ ಮತ್ತು ಸಿ ಎರಡನ್ನೂ ಸೇರಿಸಿ ಎಣಿಸಿದರೆ ಒಂದೊಂದು ಎಳೆಯಲ್ಲೂ ಅರ್ಧ, ಒಟ್ಟಿನಲ್ಲೂ ಅರ್ಧ. ಮಕ್ಕಳಿಗೆ ಹೇಳಬೇಕಾದ ಸೊಗಸಾದ ವಿಷಯ ಇದು, ಅಲ್ವಾ?

ಇನ್ನು ಆ 85.7, ಅಂದರೆ ಎರಡು ಎಳೆಗಳು ಬಿಚ್ಚಿಕೊಳ್ಳುವ ತಾಪ. ನೀವು ಬಳಸಿದ್ದು ಮಾರ್ಮರ್ ಮತ್ತು ಡೋಟಿ 1962ರಲ್ಲಿ ಕೊಟ್ಟ ಸೂತ್ರ:

```
Tm = 69.3 + 0.41 × (GC%)
```

ಇದು 0.15 ಮೋಲಾರ್ ಉಪ್ಪು, 0.015 ಮೋಲಾರ್ ಸೋಡಿಯಂ ಸಿಟ್ರೇಟ್ ಇರುವ ದ್ರಾವಣದಲ್ಲಿ, ಉದ್ದನೆಯ ಡಿಎನ್‌ಎಗೆ ಹೊಂದುವ ಸೂತ್ರ. ಇಪ್ಪತ್ತು ಬೇಸ್‌ಗಳ ಪ್ರೈಮರ್‌ಗೆ ಇದನ್ನು ಹಾಕಬಾರದು. ದ್ರಾವಣ ಯಾವುದೆಂದು ನೀವು ಎಲ್ಲೂ ಹೇಳಿಲ್ಲ. ಡಿಎನ್‌ಎಯ ಎರಡೂ ಎಳೆಗಳ ಫಾಸ್ಫೇಟ್‌ಗಳಲ್ಲಿ ಋಣ ಆವೇಶ ಇದೆ, ಅವು ಒಂದನ್ನೊಂದು ದೂಡುತ್ತವೆ. ಸೋಡಿಯಂ ಆ ದೂಡುವಿಕೆಯನ್ನು ತಗ್ಗಿಸುತ್ತದೆ. ಸೋಡಿಯಂ ಹತ್ತನೇ ಒಂದು ಭಾಗಕ್ಕೆ ಇಳಿದರೆ ಕರಗುವ ತಾಪ ಸುಮಾರು 16.6 ಡಿಗ್ರಿ ಇಳಿಯುತ್ತದೆ. ಅಂದರೆ ನಿಮ್ಮದೇ ಡಿಎನ್‌ಎ 69ರ ಆಸುಪಾಸಿನಲ್ಲಿ ಕರಗುತ್ತದೆ. ಜಿ-ಸಿಯನ್ನು ಶೇ 40ರಿಂದ 80ಕ್ಕೆ ಏರಿಸಿದರೆ ಸಿಗುವುದೂ ಅಷ್ಟೇ, 16.4 ಡಿಗ್ರಿ.

ನಾನು ಕಲಿಯುವ ಕಾಲಕ್ಕೆ ನಮ್ಮ ಮೇಷ್ಟ್ರು ಕರುವಿನ ಥೈಮಸ್ ಗ್ರಂಥಿಯ ಡಿಎನ್‌ಎ ಕೊಟ್ಟು ಸ್ಪೆಕ್ಟ್ರೋಫೋಟೋಮೀಟರ್ ಮುಂದೆ ಕೂರಿಸುತ್ತಿದ್ದರು. 260 ನ್ಯಾನೋಮೀಟರ್ ಬೆಳಕನ್ನು ಅದು ಎಷ್ಟು ಹೀರುತ್ತದೆ ಎಂದು ಡಿಗ್ರಿ ಡಿಗ್ರಿಗೂ ಬರೆದುಕೊಳ್ಳಬೇಕು. ಬಹಳ ಹೊತ್ತು ಮುಳ್ಳು ಮಿಸುಕದು. ಆಮೇಲೆ ಕೆಲವೇ ಡಿಗ್ರಿಗಳ ಒಳಗೆ 1.0 ಇದ್ದದ್ದು 1.4ರ ಹತ್ತಿರ ಹೋಗಿ ನಿಲ್ಲುತ್ತಿತ್ತು. ಆ ಏರಿಕೆಯ ನಡುಮಧ್ಯ, 1.2 ಬರುವ ತಾಪವೇ ಕರಗುವ ತಾಪ. ಅಲ್ಲಿ ಅರ್ಧ ಬಿಚ್ಚಿಕೊಂಡಿರುತ್ತದೆ, ಪೂರ್ತಿ ಅಲ್ಲ. ಮೇಷ್ಟ್ರು ಅದೇ ಡಿಎನ್‌ಎಯನ್ನು ಉಪ್ಪು ಕಡಿಮೆಯಿರುವ ದ್ರಾವಣದಲ್ಲಿ ಮತ್ತೆ ಮಾಡಿಸುತ್ತಿದ್ದರು. ಗ್ರಾಫ್ ಹಾಳೆಯ ಮೇಲೆ ಆಕಾರ ಅದೇ, ಗೆರೆ ಮಾತ್ರ ಎಡಕ್ಕೆ ಸರಿದಿರುತ್ತಿತ್ತು. ಹಾಳೆಯ ಮೂಲೆಯಲ್ಲಿ ದ್ರಾವಣದ ಹೆಸರು ಬರೆಯದಿದ್ದರೆ ಅವರು ಗ್ರಾಫನ್ನು ಕೈಯಲ್ಲೂ ಮುಟ್ಟುತ್ತಿರಲಿಲ್ಲ. ನನಗೂ ಆ ಅಭ್ಯಾಸ ಅಂಟಿಕೊಂಡಿದೆ.

ಹೈಡ್ರೋಜನ್ ಬಂಧದ ಸಾಲಿಗೆ ‘ಅದಕ್ಕೇ’ ಅಂತ ಗಂಟು ಹಾಕಿದ್ದೂ ಸರಿಯಿಲ್ಲ. ಎಳೆಗಳು ಬಿಚ್ಚಿಕೊಂಡ ಮೇಲೆ ಬೇಸ್‌ಗಳು ಸುತ್ತಲಿನ ನೀರಿನ ಜೊತೆಗೇ ಹೈಡ್ರೋಜನ್ ಬಂಧ ಮಾಡಿಕೊಳ್ಳುತ್ತವೆ. ಹಾಗಾಗಿ ಕಳೆದುಕೊಂಡದ್ದರಲ್ಲಿ ಬಹುಪಾಲು ವಾಪಸ್ ಬರುತ್ತದೆ. ಸುರುಳಿಯನ್ನು ಹೆಚ್ಚಾಗಿ ಹಿಡಿದಿಡುವುದು ರೊಟ್ಟಿ ಪೇರಿಸಿದಂತೆ ಒಂದರ ಮೇಲೊಂದು ಕೂತ ಬೇಸ್ ಜೋಡಿಗಳ ನಡುವಿನ ಸೆಳೆತ. ಜಿ-ಸಿ ಇರುವ ಕಡೆ ಅದು ಸಾಮಾನ್ಯವಾಗಿ ಜಾಸ್ತಿ. ಮೂರು, ಎರಡು ಅನ್ನುವ ಲೆಕ್ಕ ಇರಲಿ, ಅದೊಂದೇ ಕಾರಣ ಅನ್ನಬೇಡಿ.

ತಿದ್ದಿ ಕಳಿಸಿ. ಮೂರನೇ ವಾಕ್ಯದಲ್ಲಿ ‘ಎರಡೆಳೆಯ’ ಅಂತ ಸೇರಿಸಿ, 85.7ರ ಪಕ್ಕದಲ್ಲಿ ದ್ರಾವಣ ಬರೆಯಿರಿ. ಕೊನೆಗೆ ಫೈ ಎಕ್ಸ್ 174ರ ನಾಲ್ಕು ಅಂಕಿಗಳನ್ನು ಹೆಸರು ಹೇಳದೆ ಕೊಟ್ಟು, ಈ ಡಿಎನ್‌ಎ ಯಾವ ಬಗೆಯದು ಎಂದು ಕೇಳಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.