ವಾಫ್ ಇದ್ದರೂ ಸರ್ವರ್ ಬೀಳುವುದು

ಪ್ರಶ್ನೆ: ಸೈಟ್ ಮುಂದೆ ವಾಫ್, ಡಿಡಾಸ್ ರಕ್ಷಣೆ ಎರಡೂ ಇವೆ. ಆದರೂ ದಾಳಿ ಆದಾಗ ಸರ್ವರ್ ಬಿದ್ದುಹೋಗುತ್ತೆ. ಯಾಕೆ?

ಉತ್ತರ: ವಾಫ್ ಲಾಗ್ ಶಾಂತವಾಗಿದ್ದು ಸರ್ವರ್ ಮಾತ್ರ ಒದ್ದಾಡುತ್ತಿದ್ದರೆ, ದಾಳಿ ನೇರವಾಗಿ ಸರ್ವರ್‌ನ ಐಪಿಗೇ ಬರುತ್ತಿದೆ ಅನ್ನೋದೇ ನನ್ನ ಮೊದಲ ಅನುಮಾನ. ವಾಫ್ ತಡೆಯುವುದು ತನ್ನ ಮೂಲಕ ಹಾದುಹೋಗುವುದನ್ನು ಮಾತ್ರ, ಅಲ್ವಾ? ಹಳೆಯ ಡಿಎನ್‌ಎಸ್ ದಾಖಲೆ ಅಥವಾ ಅದೇ ಯಂತ್ರದಲ್ಲಿರುವ ಮೇಲ್ ಸರ್ವರ್‌ನಿಂದ ಐಪಿ ಗೊತ್ತಾಗಿಬಿಡುತ್ತದೆ. ನಿಮ್ಮ ಡೊಮೇನ್, ಸರ್ವರ್ ಐಪಿ ಹಾಕಿ ಹೊರಗಿನ ಕಂಪ್ಯೂಟರ್‌ನಿಂದ ನೋಡಿ:

```
curl -k --resolve example.com:443:203.0.113.10 https://example.com/
```

ಪುಟ ಬಂದರೆ ದಾರಿ ತೆರೆದೇ ಇದೆ. ಫೈರ್‌ವಾಲ್‌ನಲ್ಲಿ 80, 443 ಪೋರ್ಟ್‌ಗಳನ್ನು ವಾಫ್ ಸೇವೆಯ ಐಪಿಗಳಿಗೆ ಮಾತ್ರ ಬಿಡಿ. ಆದರೆ ದಾಳಿ ಜಾಸ್ತಿಯಾದರೆ ಫೈರ್‌ವಾಲ್ ತಲುಪುವ ಮೊದಲೇ ನಿಮ್ಮ ಲಿಂಕ್ ತುಂಬಿಹೋಗುತ್ತದೆ. ಅದಕ್ಕೇ ಐಪಿಯನ್ನೂ ಬದಲಿಸಿ. ಮೇಲ್ ಅನ್ನು ಅದಕ್ಕೂ ಮೊದಲು ಬೇರೆ ಯಂತ್ರಕ್ಕೆ ಸಾಗಿಸಿ, ಇಲ್ಲದಿದ್ದರೆ ಹೊಸ ಐಪಿಯೂ ಹೊರಬೀಳುತ್ತದೆ.